ಕುರ್ಚಿ ಎಲ್ಲಿದೆ ಅಂತ ಹೇಳದ ಸ್ವಾಗತ

ಲಿಫ್ಟ್ ರಿಪೇರಿ ಕಂಪನಿಯ ತುರ್ತು ಫೋನ್ ಕರೆಗಳ ಕೋಣೆಗೆ ಅವಳು ಟೀಮ್ ಲೀಡ್ ಆಗಿ ತಿಂಗಳೊಪ್ಪತ್ತು ಕೂಡ ಆಗಿರಲಿಲ್ಲ. ಅಷ್ಟರಲ್ಲೇ ತಂಡಕ್ಕೆ ಹೊಸಬರೊಬ್ಬರು ಬರುವವರಿದ್ದರು. ಅವರಿಗೆ ಸ್ವಾಗತದ ಮೇಲ್ ಬರೆಯುವುದು ಲೀಡಿನ ಕೆಲಸ.

ಹೊಸಬರು ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಮುಚ್ಚಿಹೋದ ಹಳೆಯ ಕಂಪನಿಯಲ್ಲಿ ಅವಳ ಕಿವಿಗೆ ಮೊದಲ ಹೆಡ್‌ಫೋನ್ ಹಾಕಿದವರೇ ಅವರು, ಅವಳ ಪಾಲಿನ ಮೇಷ್ಟ್ರು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರ ಜೊತೆ ಹೇಗೆ ಮಾತಾಡಬೇಕೆಂದು ಕಲಿಸಿದವರು. ಆಗ ಅವಳು ಅರಳು ಹುರಿದಂತೆ ಮಾತಾಡುತ್ತಿದ್ದಳು, ಅದಕ್ಕೇ ಅವರು "ಗಿಣಿ" ಎಂದು ಹೆಸರಿಟ್ಟಿದ್ದರು. ಈಗ ಹೊಸ ಕಂಪ್ಯೂಟರ್ ವ್ಯವಸ್ಥೆಯನ್ನು ಅವಳೇ ಅವರಿಗೆ ಕಲಿಸಬೇಕು.

"ಗುರುವಿಗೇ ತಿರುಮಂತ್ರ ಹಾಕೋ ಯೋಗ ನಿಮ್ದು," ಎಂದ ಪಕ್ಕದ ಮೇಜಿನ ಉದ್ದಣ್ಣ.

ನಗಲು ಅವಳಿಗೆ ಮನಸ್ಸಾಗಲಿಲ್ಲ. ನಿಮ್ಮ ಲೀಡ್ ಇಂಥವರು ಎಂದು ಹೇಳಿದಾಗ ಮೇಷ್ಟ್ರು ಯೋಚಿಸಿ ಹೇಳುತ್ತೇನೆ ಎಂದರಂತೆ, ನೇಮಕಾತಿ ವಿಭಾಗದ ಹುಡುಗಿ ಹೇಳಿದ್ದಳು. ಕೈಕೆಳಗೆ ಬೆಳೆದವಳ ಕೈಕೆಳಗೆ ಕೂರುವುದು ಯಾರಿಗೆ ಸುಲಭ? ಬರುವುದಿಲ್ಲ ಎಂದುಬಿಟ್ಟರೆ ಕಂಪನಿಗೆ ಇನ್ನೊಬ್ಬರು ಸಿಗುತ್ತಾರೆ. ಅವಳಿಗೆ ಮಾತ್ರ ಅವರ ಮುಖ ನೋಡುವ ಧೈರ್ಯ ಮತ್ತೆ ಬರುವುದಿಲ್ಲ.

ಕಂಪನಿಯ ಸಿದ್ಧ ನಮೂನೆ ತೆರೆದಳು. "ನಮ್ಮ ಉತ್ಸಾಹಿ ಯುವ ತಂಡಕ್ಕೆ ಸ್ವಾಗತ. ನಿಮಗೆ ಮೂಲಭೂತ ತರಬೇತಿ ನೀಡಲಾಗುವುದು." ಮೇಷ್ಟ್ರಿಗೆ ಮೂಲಭೂತ ತರಬೇತಿಯೇ? ಅಳಿಸಿದಳು. ತಾನೇ ಬರೆಯಲು ಕೂತಳು. ಗುರುಗಳ ಪಾದಧೂಳಿ, ಅನುಭವದ ಸಾಗರ, ನಮ್ಮ ಕೋಣೆಯ ಭಾಗ್ಯ, ಏನುಂಟು ಏನಿಲ್ಲ. ಅಭಿನಂದನಾ ಸಮಾರಂಭದ ಭಾಷಣವೂ ಅದರ ಮುಂದೆ ಸಪ್ಪೆ. ಕಳಿಸಿ ನಿಟ್ಟುಸಿರು ಬಿಟ್ಟಳು.

ಮಧ್ಯಾಹ್ನ ಮೇಷ್ಟ್ರೇ ಫೋನ್ ಮಾಡಿದರು.

"ಓದ್ದೆ ಗಿಣಿ. ಹಾರ ಹಾಕಿದೀಯ, ಕುರ್ಚಿ ಎಲ್ಲಿದೆ ಅಂತ ಹೇಳ್ಲೇ ಇಲ್ಲ."

"ಸರ್?"

"ಎಷ್ಟು ಗಂಟೆಗೆ ಬರ್ಬೇಕು? ಯಾವ ಗೇಟು? ಯಾರನ್ನ ಕೇಳ್ಬೇಕು? ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರಿಗೆ ಮೊದ್ಲು ಏನು ಹೇಳ್ಬೇಕು ಅಂತ ಕಲಿಸಿದ್ದೆ?"

ಅವಳು ನಾಲಿಗೆ ಕಚ್ಚಿಕೊಂಡಳು. "ನಿಮ್ಮ ಮಾತು ಕೇಳಿಸ್ತಿದೆ. ನಮ್ಮ ಜನ ಹೊರಟಿದಾರೆ. ಬಾಗಿಲು ಎಳೀಬೇಡಿ, ಲೈನಲ್ಲೇ ಇರಿ."

"ಹ್ಞಾಂ. ಹೊಸ ಕೆಲ್ಸಕ್ಕೆ ಹೊರಟೋನೂ ಬಾಗಿಲ ಒಳಗೆ ಸಿಕ್ಕಿಬಿದ್ದೋನೇ ಕಣೇ. ಈ ವಯಸ್ಸಲ್ಲಿ ನಂಗೂ ಭಯ ಇರುತ್ತೆ. ಸಾಗರ ಗೀಗರ ಅಂದ್ರೆ ಹೆಚ್ಚಾಗುತ್ತೆ. ಇದನ್ನ ನೋಡಿದ್ರೆ ನಿನ್ನ ಟೀಮು ಈ ಮುದುಕನ್ನ ಶೋಕೇಸಲ್ಲಿಟ್ಟು ಕೂರುತ್ತೆ, ಕೆಲ್ಸ ಕೊಡಲ್ಲ. ಲೀಡ್ ಬರೆದ ಹಾಗೆ ಬರಿ, ನೋಡೋಣ."

ಅವಳ ಕಣ್ಣು ತುಂಬಿತು. ಅವರು ಯೋಚಿಸಿ ಹೇಳುತ್ತೇನೆ ಎಂದಿದ್ದು ಅವಮಾನಕ್ಕಲ್ಲ, ಭಯಕ್ಕೆ. ಮತ್ತೆ ಬರೆದಳು. ಈ ಸಲ ತಂಡದ ಎಲ್ಲರಿಗೂ ಪ್ರತಿ ಹಾಕಿದಳು.

"ನಮಸ್ಕಾರ ಸರ್. ನಮ್ಮ ತಂಡಕ್ಕೆ ಸ್ವಾಗತ, ನೀವು ಬರುತ್ತಿರುವುದು ನಮಗೆ ಸಂತೋಷ. ಸೋಮವಾರ ಒಂಬತ್ತಕ್ಕೆ ಹಿಂದಿನ ಗೇಟಿನಿಂದ ಬನ್ನಿ, ಗುರುತಿನ ಚೀಟಿ ತನ್ನಿ. ಕಾವಲಿನವರಿಗೆ ನಿಮ್ಮ ಹೆಸರು ಹೇಳಿಟ್ಟಿರುತ್ತೇನೆ. ಕಿಟಕಿ ಪಕ್ಕದ ಕುರ್ಚಿ ನಿಮ್ಮದು. ಮೊದಲ ವಾರ ನನ್ನ ಜೊತೆ ಕರೆ ಕೇಳುತ್ತೀರಿ, ಹೊಸ ವ್ಯವಸ್ಥೆ ಕಲಿಯುತ್ತೀರಿ. ಎರಡನೇ ವಾರದಿಂದ ಕರೆ ನಿಮ್ಮ ಕೈಗೆ, ಪಕ್ಕದಲ್ಲಿ ನಾನಿರುತ್ತೇನೆ. ಎಷ್ಟು ಸಲ ಬೇಕಾದರೂ ಕೇಳಿ. ಕೇಳದೆ ಇರುವುದೊಂದೇ ಇಲ್ಲಿ ತಪ್ಪು."

ಕೊನೆಯ ಮಾತು ಮೇಷ್ಟ್ರದ್ದೇ. ಅವಳ ಮೊದಲ ದಿನ ಅವರು ಹೇಳಿದ್ದು.

ಉತ್ತರ ಒಂದೇ ಸಾಲಿನದು. "ಸೋಮವಾರ ಬರುತ್ತೇನೆ, ಮೇಡಂ."

ಸೋಮವಾರ ಅವರು ಒಂಬತ್ತಕ್ಕೆ ಮೊದಲೇ ಕಿಟಕಿ ಪಕ್ಕ ಕೂತಿದ್ದರು. ಅವಳು ಮೆಲ್ಲಗೆ, "ಸರ್, ಮೇಡಂ ಅನ್ಬೇಡಿ, ಮುಜುಗರ ಆಗುತ್ತೆ," ಎಂದಳು.

"ಗಿಣಿ ಫೋನಲ್ಲಿ. ಇಲ್ಲಿ ಮೇಡಮ್ಮೇ," ಎಂದರು ಅವರು.

ಅಷ್ಟರಲ್ಲಿ ಕರೆ ಬಂತು. ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಒಬ್ಬ ಹೆಂಗಸು ಮಗುವಿನ ಜೊತೆ ಸಿಕ್ಕಿಕೊಂಡಿದ್ದಳು, ಅಳುತ್ತಿದ್ದಳು. ಮೇಷ್ಟ್ರು ಎರಡನೇ ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕೇಳಿದರು. ಅವರ ಗಿಣಿ ಒಂದೊಂದೇ ಮಾತು ಆಡಿದಳು. ಕಟ್ಟಡ ಯಾವುದು, ಯಾರಿಗಾದರೂ ಹುಷಾರಿಲ್ಲವೇ, ಒಳಗೆ ಗಾಳಿ ಬರುತ್ತದೆ, ಹೆದರಬೇಡಿ. ಮೆಕ್ಯಾನಿಕ್ ಬಾಗಿಲು ತೆರೆದು ಇಬ್ಬರನ್ನೂ ಹೊರಗೆ ತರುವವರೆಗೆ ಲೈನು ಬಿಡಲಿಲ್ಲ.

ಮೇಷ್ಟ್ರು ಹೆಡ್‌ಫೋನ್ ತೆಗೆದು ಉದ್ದಣ್ಣನ ಕಡೆ ತಿರುಗಿದರು. ಎದೆ ಸೆಟೆದಿತ್ತು, ಅದನ್ನು ಮುಚ್ಚಿಡುವ ಗೋಜಿಗೆ ಅವರು ಹೋಗಲಿಲ್ಲ.

"ನಮ್ಮ ಲೀಡು ಎಷ್ಟು ನಿಧಾನಕ್ಕೆ ಮಾತಾಡ್ತಾರೆ, ಕೇಳಿದ್ರಾ?"