ನೀರು ನಿಲ್ಲಿಸಿದ ಸ್ಲ್ಯಾಬು

ಹುಬ್ಬಳ್ಳಿಯಲ್ಲಿ ಸೈಟ್ ಇಂಜಿನಿಯರ್ ಆಗಿದ್ದ ಉದಯಕುಮಾರ ಚಳಿದೇಶದ ಮಾಲ್ಟನ್ನಿಗೆ ವಲಸೆ ಬಂದ ಮೇಲೆ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ. ಅವನ ಡಿಗ್ರಿಯನ್ನು ಇಲ್ಲಿ ಯಾರೂ ಮೂಸಿ ನೋಡಿರಲಿಲ್ಲ. ಅಂಥವನಿಗೆ ಅಕ್ಕ ರುದ್ರವ್ವ ತನ್ನ ಹಿತ್ತಲಲ್ಲಿ ಏಳಲಿದ್ದ ಪುಟ್ಟ ಮನೆಯ ನೆಲದ ಸ್ಲ್ಯಾಬು ನೋಡಿಕೊಳ್ಳಲು ಹೇಳಿದಳು. ಇದೊಂದು ಸರಿಯಾಗಿ ಆದರೆ ಗುತ್ತಿಗೆದಾರ ಸತ್ಯಪ್ರಕಾಶ್ ಅವನನ್ನು ತನ್ನ ಸೈಟುಗಳ ಮೇಲ್ವಿಚಾರಣೆಗೆ ತೆಗೆದುಕೊಳ್ಳುವ ಮಾತಿತ್ತು. ಪಾಪ, ಅವನು ಸೈಟಿನ ಹಳೆಯ ಹೆಲ್ಮೆಟ್ ಹುಡುಕಿ ತೊಳೆದಿಟ್ಟಿದ್ದ.

ನವೆಂಬರಿನ ಬೆಳಿಗ್ಗೆ ಕಾಂಕ್ರೀಟ್ ಲಾರಿ ಬಂದಾಗ ಉದಯಕುಮಾರ ಸುರಿಯಲು ಬಿಡದೆ ಮೊದಲು ಮಿಶ್ರಣದ ಚೀಟಿ ಕೇಳಿದ. ಬಲ ಮೂವತ್ತೆರಡು ಎಂಪಿಎ, ನಕ್ಷೆಯಲ್ಲಿದ್ದಷ್ಟೇ. ಜಗುಲಿಯೂ ಅದೇ ಸ್ಲ್ಯಾಬಿನಲ್ಲಿ ಸೇರಿದ್ದರಿಂದ, ಹಿಮವನ್ನು ತಾಳಿಕೊಳ್ಳಲೆಂದು ಸಣ್ಣ ಗಾಳಿಗುಳ್ಳೆಗಳಿರುವ ಮಿಶ್ರಣವನ್ನೇ ನಕ್ಷೆ ಕೇಳಿತ್ತು, ಅದೂ ಸರಿಯಿತ್ತು. ಡ್ರೈವರ್ ಇನ್ನಷ್ಟು ನೀರು ಸೇರಿಸಲೇ ಎಂದಾಗ ಖಡಾಖಂಡಿತವಾಗಿ ಬೇಡವೆಂದ. ಸತ್ಯಪ್ರಕಾಶ್ ತಲೆದೂಗಿದ.

"ರಾತ್ರಿ ಮೈನಸ್ಸಿಗೆ ಹೋಗತ್ತೆ. ಫಿನಿಶ್ ಆದ ತಕ್ಷಣ ಬ್ಲ್ಯಾಂಕೆಟ್ ಹೊದಿಸ್ಬಿಡೋಣ, ಸರ್," ಎಂದ.

ಆ 'ಸರ್' ಉದಯಕುಮಾರನ ತಲೆಗೇರಿತು. ಎಷ್ಟು ವರ್ಷವಾಗಿತ್ತು ಅದನ್ನು ಕೇಳಿ!

"ಹೊದಿಸಿದರ ಕ್ಯೂರಿಂಗ್ ಆಗೂದಿಲ್ರಿ, ಕಾಂಕ್ರೀಟು ಒಣಗಿ ಬಿರಿತದ. ಒಡ್ಡು ಕಟ್ಟಿ ನೀರು ನಿಲ್ಲಸಬೇಕು. ಜೀವಮಾನೆಲ್ಲಾ ಹಂಗ ಮಾಡೇನಿ."

ಹುಬ್ಬಳ್ಳಿಯ ಬಿಸಿಲಿಗೆ ಅದು ವೇದವಾಕ್ಯವೇ ಸರಿ. ಆದರೆ ಇಲ್ಲಿ ಹಸಿ ಕಾಂಕ್ರೀಟಿಗೆ ಬೇಕಾದದ್ದು ಬೆಚ್ಚಗಿನ ಹೊದಿಕೆ, ತೇವ ಅದರೊಳಗೇ ಉಳಿದಿರುತ್ತದೆ ಎಂದು ಸತ್ಯಪ್ರಕಾಶ್ ಬಿಡಿಸಿ ಹೇಳಿದ. ಉದಯಕುಮಾರ ಕೇಳಲಿಲ್ಲ. ರುದ್ರವ್ವ, ತಮ್ಮ ಹೇಳಿದಂತೆಯೇ ಆಗಲಿ ಎಂದಳು. ಕಂಬಳಿಗಳು ಬಂದ ವ್ಯಾನಿನಲ್ಲೇ ವಾಪಸಾದವು. ಸಂಜೆ ಸ್ಲ್ಯಾಬು ಗಟ್ಟಿಯಾದ ಮೇಲೆ ಉದಯಕುಮಾರ ತಾನೇ ಅಂಚಿಗೆ ಮರಳಿನ ಒಡ್ಡು ಕಟ್ಟಿ, ಪೈಪು ಹಿಡಿದು ನೀರು ತುಂಬಿಸಿದ. ಅಷ್ಟು ಖುಷಿಯಿಂದ ಅವನು ಈ ದೇಶದಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಬೆಳಿಗ್ಗೆ ಒಡ್ಡಿನೊಳಗೆ ಮಂಜುಗಡ್ಡೆ ಕೂತಿತ್ತು. ಅದನ್ನು ಎಬ್ಬಿಸಹೋದರೆ ಸ್ಲ್ಯಾಬಿನ ಮೇಲ್ಪದರವೂ ಹೊಪ್ಪಳೆಯಾಗಿ ಎದ್ದು ಬಂತು. ಅವನು ಮಂಡಿಯೂರಿ ಉಗುರಿನಿಂದ ಕೆರೆದ; ಬೂದಿಯಂಥ ಪುಡಿ ಉದುರಿತು. ಬಲ ಬರುವ ಮೊದಲೇ ಹೆಪ್ಪುಗಟ್ಟಿದ ಕಾಂಕ್ರೀಟು ಮುಂದೆ ಎಷ್ಟು ಬೆಚ್ಚಗಿಟ್ಟರೂ ಚೇತರಿಸಿಕೊಳ್ಳುವುದಿಲ್ಲ. ಪುಸ್ತಕದಲ್ಲಿ ಅದನ್ನೂ ಓದಿದ್ದ, ಹುಬ್ಬಳ್ಳಿಯಲ್ಲಿ ಎಂದೂ ಬೇಕಾಗಿರಲಿಲ್ಲ ಅಷ್ಟೆ.

ನಗರಸಭೆಯ ಇನ್‌ಸ್ಪೆಕ್ಟರ್ ಸುತ್ತಿಗೆಯಿಂದ ತಟ್ಟಿ ನೋಡಿ, ಪೂರ್ತಿ ಒಡೆದು ತೆಗೆಯಬೇಕು ಎಂದರು. ಈ ಚಳಿಯಲ್ಲಿ ನೀರು ನಿಲ್ಲಿಸಲು ಯಾವ ಇಂಜಿನಿಯರ್ ಹೇಳಿದ್ದು ಎಂದೂ ಕೇಳಿದರು. ಸತ್ಯಪ್ರಕಾಶ್ ಬೇರೆಲ್ಲೋ ನೋಡುತ್ತ ನಿಂತ. ಉದಯಕುಮಾರ ಬಾಯಿ ತೆರೆಯುವಷ್ಟರಲ್ಲಿ ರುದ್ರವ್ವ ಅಡ್ಡ ಬಂದಳು. ತಮ್ಮನನ್ನು ಉಳಿಸಿಕೊಳ್ಳಬೇಕೆಂಬ ಒಂದೇ ಆಸೆಯಿಂದ, ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದಳು: ಇವನು ಇಂಜಿನಿಯರ್ ಅಲ್ಲ, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವನು, ಇವನಿಗೆ ಇದೆಲ್ಲ ಗೊತ್ತಿಲ್ಲ.

ಉದಯಕುಮಾರ ಹೌದೆಂದು ತಲೆಯಾಡಿಸಿದ.