ಮೂರನೆಯ ದೂರು

ಹೊಲಿಗೆ ಯಂತ್ರದ ರಿಪೇರಿ ಕಲಿಸುವ ಅವಳ ಚಾನೆಲ್ಲಿಗೆ ಬರುತ್ತಿದ್ದ ಜಾಹೀರಾತಿನ ಆದಾಯವನ್ನು ವಿಡಿಯೊ ವೇದಿಕೆಯವರು ನಿಲ್ಲಿಸಿಬಿಟ್ಟರು. ಬೇರೆಯವರ ವಿಡಿಯೊ ಬಳಸಿದ್ದೀರಿ ಎಂಬುದು ಅವರು ಕೊಟ್ಟ ಕಾರಣ. ನಿಜವಾಗಿ ಕದ್ದವನು ಅವಳ ಭಾವ, ಅಕ್ಕನ ಗಂಡ. ಅವಳ ವಿಡಿಯೊಗಳಿಗೆ ತನ್ನ ದನಿ ಅಂಟಿಸಿ, ಲಕ್ಷಗಟ್ಟಲೆ ಜನ ನೋಡುವ ತನ್ನ ಚಾನೆಲ್ಲಿಗೆ ಹಾಕಿಕೊಂಡಿದ್ದ. ಅವಳ ಮೇಲ್ಮನವಿಯೂ ಬಿದ್ದುಹೋಯಿತು.

ಕೇಳಲು ಹೋದಾಗ ಭಾವ ನಕ್ಕ. "ಯಾರು ನಂಬ್ತಾರಮ್ಮಾ ನಿನ್ನ? ಇನ್ನೊಂದು ಚಾನೆಲ್ ಮಾಡ್ಕೋ ಹೋಗು."

ಅವಳು ಹಲ್ಲು ಕಚ್ಚಿಕೊಂಡು ಬಂದಳು. ಎಲ್ಲ ವಿಡಿಯೊಗಳನ್ನೂ ಒಂದೇ ದೂರಿನಲ್ಲಿ ಸೇರಿಸಿದರೆ ಅವನಿಗೆ ಬೀಳುವುದು ಒಂದೇ ಎಚ್ಚರಿಕೆ. ಮೂರು ತಿಂಗಳೊಳಗೆ ಮೂರು ಬಿದ್ದರೆ ಚಾನೆಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೇ ಒಂದೊಂದು ವಿಡಿಯೊಗೆ ಒಂದೊಂದು ಕೃತಿಸ್ವಾಮ್ಯದ ದೂರನ್ನು ಬಿಡಿಬಿಡಿಯಾಗಿ ಕಳಿಸಿದಳು. ಎರಡನೆಯ ಎಚ್ಚರಿಕೆ ಬಿದ್ದಾಗ ಭಾವನೇ ಅವಳ ಬಾಗಿಲಿಗೆ ಬಂದ.

"ತಪ್ಪಾಯ್ತು ಕಣಮ್ಮಾ. ಉಳಿದಿದ್ದನ್ನ ಈಗಲೇ ಅಳಿಸ್ತೀನಿ."

"ನಿಮಗ್ಯಾಕೆ ಭಾವ ಆ ಕಷ್ಟ? ಅವರೇ ಅಳಿಸ್ತಾರೆ ಬಿಡಿ," ಎಂದವಳು ಅವನ ಕಣ್ಣೆದುರೇ ಮೂರನೆಯ ದೂರು ಕಳಿಸಿದಳು.

ಚಾನೆಲ್ ಹೋಯಿತು. ಅದರೊಂದಿಗೆ ಅವನೇ ಮಾಡಿದ್ದ ವಿಡಿಯೊಗಳೂ ಹೋದವು. ಅಕ್ಕ ಫೋನ್ ಮಾಡಿ ಅತ್ತಳು. "ದೂರು ವಾಪಸ್ ತಗೊಳ್ಳೇ. ನಮ್ಮ ಮನೆ ನಡೆಯೋದೇ ಅದರಿಂದ."

"ನನ್ನ ಮನೇನೂ ಹಾಗೇ ನಡೀತಿತ್ತು ಅಕ್ಕಾ. ಆಗ ನೀನ್ಯಾಕೆ ಅಳಲಿಲ್ಲ?"

ಅಕ್ಕ ಫೋನಿಟ್ಟಳು. ತಂಗಿ ದೂರನ್ನು ಹಿಂತೆಗೆದುಕೊಳ್ಳಲಿಲ್ಲ. ಆದಾಯಕ್ಕೆ ಮತ್ತೆ ಅರ್ಜಿ ಹಾಕಲು ಅವಳಿನ್ನೂ ಕಾಯಬೇಕಿತ್ತು. ಅದನ್ನೂ ವೇದಿಕೆಯವರು ಒಪ್ಪುತ್ತಾರೆಂಬ ಭರವಸೆಯಿರಲಿಲ್ಲ. ಆದರೂ ಎಷ್ಟೋ ದಿನಗಳ ಮೇಲೆ ಅವಳ ಹೊಟ್ಟೆ ತಣ್ಣಗಾಗಿತ್ತು.