ಪಂಚಮಿಯ ತುಕ್ಕು

ನಾಗರ ಪಂಚಮಿಯಂದು ಹಂಚು ಒಲೆಗೇರಿದರೆ ನಾಗಪ್ಪನ ಹೆಡೆ ಸುಡುತ್ತದೆಂಬುದು ಕಲಬುರಗಿ ಕಡೆಯ ಹಿರಿಯರ ನಂಬಿಕೆ. ಹೈದರಾಬಾದಿಗೆ ಬಂದು ಎಷ್ಟು ಕಾಲವಾದರೂ ಬಸಲಿಂಗಮ್ಮನ ಮನೆಯಲ್ಲಿ ಅದು ತಪ್ಪಿಲ್ಲ. ಈ ಸಲ ಹಬ್ಬಕ್ಕೆ ತವರಿಗೆ ಹೊರಟಾಗ, "ಹಂಚು ಒಳಗಿಡವ್ವಾ" ಎಂದು ಹೊಸ ಸೊಸೆ ಅನುರಾಧಾಳಿಗೆ ಹೇಳಿ ಬಸ್ಸು ಹತ್ತಿದ್ದಳು.

ದೇವರ ಕೆಲಸ, ಮಡಿಯಿಂದಲೇ ಆಗಲಿ ಎಂದು ಅನುರಾಧಾ ದೋಸೆಯ ಕಬ್ಬಿಣದ ಹಂಚನ್ನು ಸೋಪಿನ ಪುಡಿ ಹಾಕಿ ಕರಿ ಹೋಗುವಷ್ಟು ತಿಕ್ಕಿ, ತೊಳೆದು, ಹಸಿಯಾಗಿಯೇ ಸಿಂಕಿನ ಕೆಳಗಿಟ್ಟಳು. ಶ್ರಾವಣದ ತೇವ ಸುಮ್ಮನಿದ್ದೀತೇ? ಅತ್ತೆ ಬರುವ ದಿನ, ಬಿಸಿ ದೋಸೆ ಹಾಕಿಕೊಡೋಣವೆಂದು ತೆಗೆದರೆ ಹಂಚೆಲ್ಲ ಇಟ್ಟಿಗೆಯ ಬಣ್ಣ!

ಅದು ಅತ್ತೆಗೆ ಅವಳ ಅವ್ವ ಕೊಟ್ಟ ಹಂಚು. ಅಡುಗೆಮನೆಯನ್ನು ಸೊಸೆಯ ಕೈಗೆ ನಂಬಿ ಬಿಟ್ಟದ್ದೂ ಇದೇ ಮೊದಲು. ಅನುರಾಧಾ ಬೆಳೆದ ಮನೆಯಲ್ಲಿ ಇದ್ದದ್ದು ನಾನ್‌ಸ್ಟಿಕ್ ತವೆ. ಆದರೂ ಉಪ್ಪು, ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ ತುಕ್ಕು ಬಿಡಿಸಿದಳು. ಅಲ್ಲಿಯವರೆಗೆ ಸರಿಯೇ. ಆಮೇಲೆ ಅಭಿಷೇಕದಂತೆ ಎಣ್ಣೆ ಸುರಿದು ಸಣ್ಣ ಉರಿಯಲ್ಲಿ ಕಾಯಿಸಿದಳು. ಹಂಚು ಬೆಲ್ಲದ ಪಾಕ ಬಳಿದಂತೆ ಅಂಟಂಟಾಯಿತು.

ಪಟಾನ್‌ಚೆರುವಿನ ಫ್ಯಾಕ್ಟರಿಗೆ ಹೊರಟಿದ್ದ ಗಂಡ ಮಹೇಶಕುಮಾರ ಇಣುಕಿದ. "ಅವ್ವ ಕೇಳಿದ್ರ ನಾ ಮನ್ಯಾಗ ಇದ್ದಿದ್ದಿಲ್ಲ ಅಂತ ಹೇಳು" ಎಂದು ನಕ್ಕು ಜಾಗ ಖಾಲಿ ಮಾಡಿದ.

ಅವನ ಬೆನ್ನಿಗೇ ಬಸಲಿಂಗಮ್ಮನ ಆಟೋ ಬಂತು.

"ಅತ್ತೀ, ನಿಮ್ಮ ಅವ್ವನ ಹಂಚು ಹಾಳ ಮಾಡೀನ್ರಿ" ಎಂದಳು ಅನುರಾಧಾ, ಚೀಲ ಇಳಿಸಿಕೊಳ್ಳುವ ಮೊದಲೇ.

ಬಸಲಿಂಗಮ್ಮ ಬೆರಳಿಟ್ಟು ನೋಡಿದಳು. ಬೆರಳು ಅಂಟಿತು. "ಹಂಚಿಗೆ ಎಣ್ಣಿಸ್ನಾನ ಮಾಡಿಸೀಯೇನ ಯವ್ವಾ? ಕಬ್ಬಣ ಹಾಳಾಗೂದಿಲ್ಲ, ಮುನಿಸ್ಕೊಂತೈತಿ ಅಷ್ಟ. ನಾರು ತಾ."

ಇಬ್ಬರೂ ಕೂತು ಅಂಟು ತಿಕ್ಕಿದರು. ತೊಳೆದ ಕೂಡಲೇ ಹಂಚನ್ನು ಉರಿಯ ಮೇಲಿಟ್ಟು ಹನಿ ನೀರೂ ಉಳಿಯದಂತೆ ಒಣಗಿಸಿದರು. ಬಸಲಿಂಗಮ್ಮ ಬಟ್ಟೆಯಿಂದ ತುಸುವೇ ಎಣ್ಣೆ ಸವರಿ, ಒಣಬಟ್ಟೆಯಿಂದ ಅದನ್ನೂ ಒರೆಸಿದಳು.

"ಹಚ್ಚಿದ್ದನ್ನ ಯಾಕ ಒರಸ್ತೀರಿ?"

"ಎಣ್ಣಿ ಹಚ್ಚೀವಂತ ಹಂಚಿಗೂ ಗೊತ್ತಾಗಬಾರದು. ಈಗ ಉರಿ ಜೋರ ಮಾಡು, ಕಿಟಕಿ ತಗಿ."

ಹೊಗೆಯೆದ್ದು ನಿಂತ ಮೇಲೆ ಆರಲು ಬಿಟ್ಟು, ಮತ್ತೆ ಸವರಿ, ಮತ್ತೆ ಒರೆಸಿ, ಮತ್ತೆ ಕಾಯಿಸಿದರು. ಜಪದಂತೆ ಸಾಗಿತು ಕೆಲಸ. ಬೂದುಗಬ್ಬಿಣ ಕಂದಾಗಿ, ಕಂದು ಮೆಲ್ಲಗೆ ಕಪ್ಪಾಯಿತು.

ಬದನೆಕಾಯಿಯ ತೊಟ್ಟನ್ನು ಎಣ್ಣೆಗದ್ದಿ ಹಂಚಿಗೆ ಉಜ್ಜಿ ಅನುರಾಧಾ ಹಿಟ್ಟು ಹೊಯ್ದಳು. ದೋಸೆ ಕಚ್ಚಿಕೊಂಡಿತು. ಅವಳ ಕಣ್ಣು ತುಂಬಿತು.

"ಮೊದಲನೇದು ಹಂಚಿಂದು. ಅದರ ಪಾಲು ಅದು ತಿನ್ಲಿ. ನೀ ಹಾಕು."

ಮುಂದಿನದು ನಡುವೆ ಹರಿಯಿತು. ಅದರ ಮುಂದಿನದರ ಅಂಚು ತಾನಾಗಿಯೇ ಎದ್ದಿತು. ಸಟ್ಟುಗ ತಾಕಿಸಿದ್ದೇ ತಡ, ದೋಸೆ ಇಡಿಯಾಗಿ ಮಗುಚಿಕೊಂಡಿತು.

"ಶಿವಶಿವಾ" ಎಂದು ಕೈಮುಗಿದ ಬಸಲಿಂಗಮ್ಮ ಅಡುಗೆಮನೆಯಲ್ಲೇ ಮಣೆ ಹಾಕಿ ಕುಳಿತಳು. ಆ ಒಲೆಯ ಮುಂದೆ ಅದುವರೆಗೆ ಯಾರಿಂದಲೂ ಬಡಿಸಿಕೊಳ್ಳಲು ಕುಳಿತವಳೇ ಅಲ್ಲ ಅವಳು.

"ಇನ್ನ ಹಂಚು ನಿಂದು. ಹಸಿವಿ ಆಗೇತಿ, ಹಾಕವ್ವಾ."